ಎರಡು ತಾಸಿಗೊಮ್ಮೆ

ಸಿಸ್ಟರ್,
ಹಬ್ಬದ ದಿನ ಕಾಲಿಗೆ ಬೀಳುವಾಗ ಬಿಟ್ಟರೆ
ನಾನು ಅಪ್ಪನನ್ನು ಮುಟ್ಟಿದ್ದೇ ಇಲ್ಲ.
ನಮ್ಮ ಮನೆಯಲ್ಲಿ ಹಾಗೇ.
ಪ್ರೀತಿ ಇಲ್ಲ ಅಂತಲ್ಲ, ಅಭ್ಯಾಸ ಇಲ್ಲ.

ಸ್ಟ್ರೋಕ್ ಆಗಿ ಅವರ ಎಡಭಾಗ ಸುಮ್ಮನಾದ ಮೂರನೇ ರಾತ್ರಿ
ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಕರೆದಿರಿ.
"ಬರ್ರಿ ಅಣ್ಣಾರ, ಈ ಕಡೆ ಹಿಡೀರಿ.
ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿಸಬೇಕು,
ಇಲ್ಲಂದ್ರ ಬೆನ್ನಿಗೆ ಹುಣ್ಣಾಗ್ತಾವ."
ಹೆಗಲ ಕೆಳಗೆ ಒಂದು ಕೈ, ಸೊಂಟಕ್ಕೆ ಒಂದು ಕೈ.
ಎಳೆಯಬಾರದು, ಹೊರಳಿಸಬೇಕು.
ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ
ಮೀನಖಂಡದ ಕೆಳಗೆ ದಿಂಬು.
ಅಪ್ಪ ಇಷ್ಟು ಹಗುರ ಅಂತ
ಆವತ್ತೇ ನನಗೆ ಗೊತ್ತಾಗಿದ್ದು.

ಕಣ್ಣು ಮುಚ್ಚಿ ಮಲಗಿದ್ದವರಿಗೆ ನೀವು ಪ್ರತಿ ಸಲ ಹೇಳುತ್ತಿದ್ದಿರಿ,
"ಯಪ್ಪಾ, ಈಗ ಬಲಕ್ಕ ಹೊಳ್ಳಿಸ್ತೀನ್ರಿ."
ಅವರಿಗೆ ಕೇಳಿಸುತ್ತಾ, ಅಂದೆ.
"ಕೇಳಿಸ್ತಿದ್ರ? ಹೇಳದ ಮುಟ್ಟಿದ್ರ ಗಾಬರಿ ಆಗಂಗಿಲ್ಲೇನು?"

ಒಂದು ಬೆಳಿಗ್ಗೆ ಒದ್ದೆ ಹತ್ತಿಯಲ್ಲಿ ಅಂಗೈ ಒರೆಸುತ್ತಿದ್ದಿರಿ.
ಕಂದು ಕಲೆ ಹೋಗಲಿಲ್ಲ.
ಅದು ಅಡಿಕೆ ಚೊಗರು ಸಿಸ್ಟರ್, ಹೋಗಲ್ಲ, ಅಂದೆ.
ನೀವು ಹತ್ತಿ ಪಕ್ಕಕ್ಕಿಟ್ಟು
ಆ ಕೈಯನ್ನು ನಿಮ್ಮ ಕೈಮೇಲೆ ಇಟ್ಟುಕೊಂಡು ನೋಡಿದಿರಿ,
ಓದುವ ಹಾಗೆ.
"ನಮ್ಮಪ್ಪಂದೂ ಹಿಂಗ, ಬಿರುಕಿನಾಗ ಕರೀಮಣ್ಣು" ಅಂದಿರಿ.
ಸಿಂಧನೂರು ಕಡೆ ಊರು, ದೀಪಾವಳಿಗೂ ಹೋಗಿಲ್ಲ ಅಂದಿರಿ.
ನಾನು ಹೂಂ ಅಂದೆ.
ಆಮೇಲೆ ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿದೆ.

ಅದು ಈಗಲೂ ಚುಚ್ಚುತ್ತದೆ.
19 ದಿನ ನಿಮ್ಮನ್ನು ಕೇಳಿದ್ದೆಲ್ಲ ಬಿಪಿ, ಜ್ವರ, ಡ್ರಿಪ್ಪು.
ನಿಮ್ಮ ಅಪ್ಪ ಹೇಗಿದ್ದಾರೆ ಅಂತ ಒಂದು ಸಲವೂ ಕೇಳಲಿಲ್ಲ.
ರೊಟ್ಟಿ ಡಬ್ಬಿ ತೆಗೆದಿದ್ದಿರಿ, ಪಕ್ಕದ ಬೆಡ್ಡಿನವರು ಕೂಗಿದರು,
ಮುಚ್ಚಿಟ್ಟು ಎದ್ದು ಹೋದಿರಿ.
ತಿರುಗಿ ಬಂದು ತಿಂದಿರಾ?
ಅದೂ ನನಗೆ ಗೊತ್ತಿಲ್ಲ.

ಈಗ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ
ಗಂಟೆ ಅಂತ ಯಾರೂ ಹೇಳುವುದಿಲ್ಲ, ತಾಸು ಅಂತಲೇ.
ರಾತ್ರಿ ಅಲಾರಂ ಇಲ್ಲದೆ ಎಚ್ಚರ ಆಗುತ್ತದೆ.
ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು
ಅಪ್ಪಾ, ಈಗ ಎಡಕ್ಕೆ, ಅನ್ನುತ್ತೇನೆ.
ಅವರು ಬಲಗೈಯಲ್ಲಿ ನನ್ನ ಹೆಗಲು ಹಿಡಿಯುತ್ತಾರೆ.
ನಲವತ್ತು ವರ್ಷದ ಮಗನ ಹೆಗಲು,
ಅವರೂ ಈಗಲೇ ಹಿಡಿಯುತ್ತಿರುವುದು.
ಅಮ್ಮ ದೀಪ ಹಿಡಿದು ನೋಡುತ್ತಾಳೆ, ಮಾತಾಡುವುದಿಲ್ಲ.

ಈ ಹಾಳೆಯ ಜೊತೆ ಒಂದು ಡಬ್ಬಿ ಜೋನಿಬೆಲ್ಲ ಇದೆ.
ನಿಮಗಲ್ಲ, ನಿಮ್ಮ ಅಪ್ಪನಿಗೆ. ರೊಟ್ಟಿ ಜೊತೆ ಚೆನ್ನಾಗಿರುತ್ತೆ.
ರಜೆ ಸಿಕ್ಕಾಗ ನೀವೇ ತೆಗೆದುಕೊಂಡು ಹೋಗಬೇಕು.
ಮುಚ್ಚಳ ಸ್ವಲ್ಪ ವಾರೆಯಾಗಿದೆ, ತಪ್ಪು ತಿಳಿಯಬೇಡಿ.
ಡಬ್ಬಿ ನಾನು ಹಿಡಿದುಕೊಂಡಿದ್ದೆ,
ತಿರುಗಿಸಿದ್ದು ಅಪ್ಪ.