ಎಲೆಚುಕ್ಕೆ ಟಾನಿಕ್ ವಿಡಿಯೊ: ನನ್ನ ಉತ್ತರ

ಪ್ರಶಾಂತ್ ಅವರಿಗೆ ನಮಸ್ಕಾರ,

ನೀವು ಕಳಿಸಿದ ಮೇಲ್, ಸ್ಕ್ರಿಪ್ಟ್, ಅಗ್ರಿಮೆಂಟ್ ಎಲ್ಲವನ್ನೂ ಓದಿದೆ. ಸ್ಯಾಂಪಲ್ ಬಾಟಲಿಗಳೂ ಕೊಪ್ಪಕ್ಕೆ ಬಂದು ತಲುಪಿವೆ. ಅಡಕೆಯ ಎಲೆಚುಕ್ಕೆ ರೋಗಕ್ಕೆಂದು ಟಾನಿಕ್ ಕಂಪನಿಯವರು ಮಾಡಿಸುತ್ತಿರುವ ಈ ಜಾಹೀರಾತು ವಿಡಿಯೊ ಮಾಡಲು ನನ್ನಿಂದ ಆಗುವುದಿಲ್ಲ. ಮಳೆಗಾಲಕ್ಕೆ ಮೊದಲೇ ವಿಡಿಯೊ ಬರಬೇಕು ಅಂತ ಕಂಪನಿಯವರು ಹೇಳಿದ್ದಾರೆ ಎಂದಿರಿ. ನನ್ನ ಉತ್ತರಕ್ಕೆ ಕಾಯುತ್ತಾ ನಿಮ್ಮ ದಿನಗಳು ಹೋಗಬಾರದು, ಅದಕ್ಕೆ ಮೊದಲ ಸಾಲುಗಳಲ್ಲೇ ಹೇಳಿಬಿಟ್ಟೆ.

ನೀವು ಫೋನಿನಲ್ಲಿ ತುಂಬಾ ಗೌರವದಿಂದ ಮಾತನಾಡಿದಿರಿ. ನಮ್ಮ ಚಾನೆಲ್‌ನ ಹಳೆಯ ವಿಡಿಯೊಗಳನ್ನೂ ನೋಡಿಕೊಂಡೇ ಕರೆ ಮಾಡಿದ್ದಿರಿ. ಎರಡು ವಿಡಿಯೊ, ಮೂರು ಶಾರ್ಟ್ಸ್‌ಗೆ 1,20,000 ರೂಪಾಯಿ ಅಂದರೆ ನಮ್ಮಂಥ ಸಣ್ಣ ಚಾನೆಲ್‌ಗೆ ದೊಡ್ಡ ಮೊತ್ತ. ಅಷ್ಟು ನಂಬಿಕೆ ಇಟ್ಟು ಕೇಳಿದ್ದಕ್ಕೆ ನಿಮಗೂ ಕಂಪನಿಯವರಿಗೂ ಧನ್ಯವಾದ. ಇಷ್ಟು ವಿಶ್ವಾಸದಿಂದ ಬಂದವರಿಗೆ ಒಂದೇ ಸಾಲಿನಲ್ಲಿ 'ಆಗಲ್ಲ' ಅಂದು ಕಳಿಸಲು ಮನಸ್ಸು ಬರಲಿಲ್ಲ. ಕಾರಣವನ್ನೂ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ನಾನು ರಾಸಾಯನಿಕಕ್ಕೆ ವಿರೋಧಿ ಅಲ್ಲ, ಟಾನಿಕ್ ಎಂದರೆ ಮೋಸ ಅನ್ನುವವನೂ ಅಲ್ಲ. ನಮ್ಮ ತೋಟಕ್ಕೂ ಮೈಲುತುತ್ತ, ಸುಣ್ಣ ಕದಡಿ ಬೋರ್ಡೋ ಹೊಡೆಯುತ್ತೇವೆ. ನನ್ನ ತೊಂದರೆ ಇರುವುದು ಸ್ಕ್ರಿಪ್ಟಿನಲ್ಲಿ ನಾನು ಆಡಬೇಕಾದ ಮಾತುಗಳ ಬಗ್ಗೆ.

ಬಾಟಲಿಯ ಮೇಲೆ ಬಯೋಸ್ಟಿಮ್ಯುಲೆಂಟ್ ಎಂದು ಬರೆದಿದೆ. ಗಿಡದ ಬೆಳವಣಿಗೆಗೆ, ಗೊಬ್ಬರ ಚೆನ್ನಾಗಿ ಹೀರಿಕೊಳ್ಳುವುದಕ್ಕೆ ಸಹಾಯ ಮಾಡುವ ವಸ್ತು ಅದು. 2021ರಲ್ಲಿ ಕೇಂದ್ರ ಸರ್ಕಾರ ಇವುಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಕೀಟನಾಶಕ ಕಾಯ್ದೆಗೆ ಒಳಪಡುವ ಔಷಧಿಗಳು ಈ ಗುಂಪಿಗೆ ಸೇರುವುದಿಲ್ಲ ಎಂದು ಅದೇ ಆದೇಶ ಹೇಳುತ್ತದೆ. ಶಿಲೀಂಧ್ರ ಕೊಲ್ಲುತ್ತದೆ ಎಂದು ಮಾರುವ ಔಷಧಿಯಾದರೆ 1968ರ ಕೀಟನಾಶಕ ಕಾಯ್ದೆಯ ಕೆಳಗೆ ನೋಂದಣಿ ಆಗಬೇಕು, ಲೇಬಲ್ ಮೇಲೆ ವಿಷದ ಮಟ್ಟ ತೋರಿಸುವ ಬಣ್ಣದ ಗುರುತು ಇರಬೇಕು. ನಿಮ್ಮ ಬಾಟಲಿಯಲ್ಲಿ ಆ ಗುರುತು ಇಲ್ಲ. ರೋಗದ ಹೆಸರೂ ಇಲ್ಲ. ಲೇಬಲ್ ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಸ್ಕ್ರಿಪ್ಟಿನಲ್ಲಿ ಮಾತ್ರ 'ಎಲೆಚುಕ್ಕೆ ರೋಗ 30 ದಿನದಲ್ಲಿ ಮಾಯ' ಎಂದು ನನ್ನ ಬಾಯಿಂದ ಹೇಳಿಸುವುದಿದೆ. ಬಾಟಲಿ ಹೇಳದ ಮಾತನ್ನು ನಾನು ಹೇಗೆ ಹೇಳಲಿ?

ಇನ್ನು ಆ 'ಮೊದಲು–ಆಮೇಲೆ' ದೃಶ್ಯ. ನೀವು ಬೆಂಗಳೂರಿನಲ್ಲಿರುವವರು, ತೋಟದ ಲೆಕ್ಕ ನಿಮಗೆ ಗೊತ್ತಿರಬೇಕೆಂದಿಲ್ಲ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡಕೆ ಸೋಗೆಯ ಮೇಲೆ ಒಮ್ಮೆ ಬಿದ್ದ ಚುಕ್ಕೆ ಮಾಯವಾಗುವುದಿಲ್ಲ. ಆ ಜಾಗ ಸತ್ತು ಒಣಗಿರುತ್ತದೆ. ಯಾವ ಔಷಧಿ ಹೊಡೆದರೂ ಅದು ಮತ್ತೆ ಹಸಿರಾಗಲ್ಲ. ಆಗುವುದು ಏನೆಂದರೆ, ಸುಳಿಯಿಂದ ಹೊಸ ಸೋಗೆ ಬರುತ್ತದೆ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಬಿಡುತ್ತದೆ. ಈ ರೋಗ ಹಬ್ಬುವುದು ಬಿಡದೆ ಮಳೆ ಸುರಿದು, ಮೋಡ ಕಟ್ಟಿ, ತೋಟ ಒದ್ದೆಯಾಗಿಯೇ ಇರುವಾಗ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಅದರ ಓಟ ತಾನಾಗಿಯೇ ಕಡಿಮೆಯಾಗುತ್ತದೆ. ಹೊಸ ಸೋಗೆ ಹೆಚ್ಚು ಚುಕ್ಕೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ.

ನಿಮ್ಮ ಶೂಟಿಂಗ್ ಪಟ್ಟಿಯಲ್ಲಿ ರೋಗ ಬಂದ ಮರವನ್ನು ಸೆಪ್ಟೆಂಬರ್ ಕೊನೆಯಲ್ಲಿ, ಚೇತರಿಸಿಕೊಂಡ ಮರವನ್ನು ಜನವರಿಯಲ್ಲಿ ತೋರಿಸಬೇಕು ಎಂದಿದೆ. ಸೆಪ್ಟೆಂಬರ್ ಕೊನೆಯಿಂದ ಜನವರಿಯ ಒಳಗೆ ಬರೀ ನೀರು ಹೊಡೆದಿದ್ದರೂ ಮರ ಹಸಿರಾಗಿ ಕಾಣಬಹುದು. ಅದನ್ನು ಬಾಟಲಿಯ ಗುಣ ಅಂತ ತೋರಿಸಿದರೆ ನೋಡಿದವರು ನಂಬುತ್ತಾರೆ. ಯಾಕೆಂದರೆ ತೋರಿಸುವವನು ಅವರ ಪಕ್ಕದ ಊರಿನವನು, ಅವರಂತೆಯೇ ತೋಟ ಇರುವವನು.

ಒಂದು ಔಷಧಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಅದೇ ತೋಟದಲ್ಲಿ ಅದೇ ವಯಸ್ಸಿನ ಕೆಲವು ಮರಗಳಿಗೆ ಹೊಡೆಯದೆ ಬಿಡಬೇಕು. ಇನ್ನು ಕೆಲವಕ್ಕೆ ಈಗ ಶಿಫಾರಸಿನಲ್ಲಿರುವ ಔಷಧಿ ಹೊಡೆಯಬೇಕು. ಒಂದಕ್ಕಿಂತ ಹೆಚ್ಚು ಮಳೆಗಾಲ, ಒಂದಕ್ಕಿಂತ ಹೆಚ್ಚು ಊರಿನಲ್ಲಿ ಹೋಲಿಸಿ ನೋಡಬೇಕು. ಆ ಥರದ ಫಲಿತಾಂಶ ಇದೆಯಾ ಅಂತ ನಾನು ಕೇಳಿದ್ದಕ್ಕೆ ಕಂಪನಿಯವರು ಕಳಿಸಿದ್ದು ಡೀಲರ್‌ಗಳ ಮೆಚ್ಚುಗೆಯ ಆಡಿಯೊಗಳನ್ನು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ತಡೆದದ್ದು ಸ್ಕ್ರಿಪ್ಟಿನ ಎರಡನೇ ಪುಟದ ಸಾಲು: 'ಇದೊಂದು ಹೊಡೆದರೆ ಈ ವರ್ಷ ಬೋರ್ಡೋ ಚಿಂತೆ ಬೇಡ.' ಪ್ರಶಾಂತ್ ಅವರೇ, ಇದನ್ನು ದಯವಿಟ್ಟು ಕಂಪನಿಯವರ ಗಮನಕ್ಕೆ ತನ್ನಿ. ನನ್ನ ವಿಡಿಯೊದಲ್ಲಿ ಬರುವುದಿಲ್ಲ, ಸರಿ. ಆದರೆ ಯಾರ ವಿಡಿಯೊದಲ್ಲೂ ಇದು ಬರಬಾರದು. ಬೋರ್ಡೋ ಹೊಡೆಯುವುದು ಮುಖ್ಯವಾಗಿ ಕೊಳೆರೋಗಕ್ಕೆ. ಎಲೆಚುಕ್ಕೆಯೇ ಬೇರೆ, ಕೊಳೆಯೇ ಬೇರೆ, ಎರಡರ ಶಿಲೀಂಧ್ರವೂ ಬೇರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸೇರಿಸಿ, ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಅಡಕೆ ಗೊನೆಗಳಿಗೆ ಹೊಡೆಯಬೇಕು. ಆ ಮೊದಲ ಸುತ್ತು ತಪ್ಪಿತು ಅಂದುಕೊಳ್ಳಿ. ಜುಲೈ ಮಳೆಯಲ್ಲಿ ಕಾಯಿ ಕೊಳೆತು ಉದುರಲು ಶುರುವಾದ ಮೇಲೆ ಯಾರೂ ಏನೂ ಮಾಡಲಾಗದು. ಉದ್ದ ಕೋಲಿನ ದೋಟಿ ಹಿಡಿದು ಔಷಧಿ ಹೊಡೆಯುವವರೂ ಆ ಮಳೆಯಲ್ಲಿ ಸಿಗುವುದಿಲ್ಲ. ಎಲೆಚುಕ್ಕೆಗೆಂದು ಟಾನಿಕ್ ಕೊಂಡವನು ಬೋರ್ಡೋ ಬಿಟ್ಟರೆ ಟಾನಿಕ್ ದುಡ್ಡಿನ ಜೊತೆಗೆ ಆ ವರ್ಷದ ಫಸಲೂ ಹೋಗುತ್ತದೆ.

ನಮ್ಮ ಚಾನೆಲ್ ನೋಡುವವರು ಹೆಚ್ಚಾಗಿ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ, ಸುಳ್ಯ ಕಡೆಯ ಸಣ್ಣ ಹಿಡುವಳಿದಾರರು. ಅರ್ಧ ಎಕರೆ, ಒಂದು ಎಕರೆ ತೋಟದವರು. ಎಲೆಚುಕ್ಕೆ ಜೋರಾದ ಮೇಲೆ ಅವರಿಂದ ಬರುವ ಫೋನ್‌ಗಳ ಧಾಟಿಯೇ ಬದಲಾಗಿದೆ. 'ಏನು ಹೊಡೆದರೆ ಉಳಿಯುತ್ತೆ, ಅದೊಂದು ಹೇಳಿಬಿಡಿ' ಅಂತಾರೆ. ಅಡಕೆ ಸಸಿ ನೆಟ್ಟು ಫಸಲು ಬರಲು ಐದಾರು ವರ್ಷ ಕಾಯಬೇಕು. ಮರ ಹೋದರೆ ಮತ್ತೆ ಅಷ್ಟೇ ವರ್ಷ. ಅಷ್ಟು ಹೆದರಿರುವ ಮನುಷ್ಯ ಲೇಬಲ್ ಓದುವುದಿಲ್ಲ, ಹೇಳಿದವನ ಮುಖ ನೋಡಿ ಕೊಳ್ಳುತ್ತಾನೆ. ಅವರ ಹೆದರಿಕೆಯ ಮೇಲೆ ನಾನು ದುಡ್ಡು ಮಾಡಬಾರದು. ಈ ವಿಷಯದಲ್ಲಿ ನಾನು ತುಂಬಾ ಗಟ್ಟಿ. ಆದ್ದರಿಂದ ಮೊತ್ತ ಹೆಚ್ಚಿಸಿದರೂ ಉತ್ತರ ಇದೇ ಇರುತ್ತದೆ. ದಯವಿಟ್ಟು ಆ ದಾರಿ ಬೇಡ.

'ಪೇಯ್ಡ್ ಅಂತ ಹಾಕಬೇಡಿ, ಸ್ವಂತ ಅನುಭವ ಅಂತ ಹೇಳಿ' ಎನ್ನುವ ಷರತ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದುಡ್ಡು ಪಡೆದಿದ್ದರೆ ಅದನ್ನು ನೋಡುಗರಿಗೆ ತಿಳಿಸಲೇಬೇಕು ಅಂತ ನಿಯಮ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಬೇರೆ ಚಾನೆಲ್‌ನವರಿಗೆ ಕಳಿಸುವ ಅಗ್ರಿಮೆಂಟಿನಿಂದ ಈ ಸಾಲನ್ನು ತೆಗೆಯುವುದು ನಿಮ್ಮ ಏಜೆನ್ಸಿಗೂ ಒಳ್ಳೆಯದು. ಇಷ್ಟು ದಿನ ಮಾತನಾಡಿದ ಸ್ನೇಹದಿಂದ ಹೇಳುತ್ತಿದ್ದೇನೆ.

ನಿನ್ನೆ ನೀವು ಇನ್ನೊಂದು ದಾರಿ ಸೂಚಿಸಿದಿರಿ: ವಿಡಿಯೊ ಬೇಡವಾದರೆ ಹಳೆಯ ಎಲೆಚುಕ್ಕೆ ವಿಡಿಯೊದ ಕೆಳಗೆ ಖರೀದಿಯ ಲಿಂಕ್ ಹಾಕಿ, ಮಾರಾಟದ ಮೇಲೆ ಕಮಿಷನ್ ಕೊಡುತ್ತೇವೆ ಅಂತ. ಅದೂ ಬೇಡ. ಆ ವಿಡಿಯೊದಲ್ಲಿ ತೋಟಗಾರಿಕೆ ಇಲಾಖೆಯವರು ಹೇಳಿದ್ದನ್ನೇ ನಾವು ತೋರಿಸಿದ್ದೇವೆ. ರೋಗ ಹೆಚ್ಚಾದ ಸೋಗೆ ಕತ್ತರಿಸಿ ಸುಡುವುದು, ಬಸಿಗಾಲುವೆ ಸರಿ ಮಾಡಿ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಗೊಬ್ಬರದಲ್ಲಿ ಪೊಟ್ಯಾಶ್ ಕಡಿಮೆ ಮಾಡದಿರುವುದು, ಶಿಫಾರಸು ಮಾಡಿದ ಶಿಲೀಂಧ್ರನಾಶಕವನ್ನು ಅಳತೆ ತಪ್ಪದೆ ಹೊಡೆಯುವುದು. ಅದರ ಕೆಳಗೆ ಒಂದು ಬಾಟಲಿಯ ಲಿಂಕ್ ಇದ್ದರೆ, ಇಲಾಖೆಯವರೇ ಅದನ್ನು ಕೊಳ್ಳಲು ಹೇಳಿದರು ಎಂದು ಜನ ತಿಳಿಯುತ್ತಾರೆ.

ಇದು ನಿಮ್ಮ ಜೊತೆ ಎಂದೂ ಕೆಲಸ ಮಾಡುವುದಿಲ್ಲ ಎನ್ನುವ ಮಾತಲ್ಲ. ಕಂಪನಿಯವರಿಗೆ ತಮ್ಮ ಉತ್ಪನ್ನದ ಮೇಲೆ ನಂಬಿಕೆ ಇದ್ದರೆ ಅಡಕೆಯ ಮೇಲೆ ಸಂಶೋಧನೆ ಮಾಡುವ ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲೋ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ ಪ್ರಯೋಗ ಮಾಡಿಸಲಿ. ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಅದನ್ನು ಇದ್ದ ಹಾಗೆ ಹೇಳಲು ಒಪ್ಪಿದರೆ ಆ ವಿಡಿಯೊ ನಾನು ಮಾಡುತ್ತೇನೆ. ಅದಕ್ಕೆ ದುಡ್ಡು ಬೇಡ. ಪ್ರಯೋಗದ ಸಾಲಿಗೆ ರೈತರ ತೋಟ ಬೇಕು ಎಂದು ವಿಜ್ಞಾನಿಗಳು ಕೇಳಿದರೆ ನಮ್ಮ ತೋಟದ ಕೆಳಗಿನ ಭಾಗ ಕೊಡಲು ಸಿದ್ಧನಿದ್ದೇನೆ. ಇನ್ನು ದೋಟಿ, ಸ್ಪ್ರೇಯರ್, ಅಡಕೆ ಸುಲಿಯುವ ಯಂತ್ರ, ಮಳೆಕೋಟು ಇಂಥವುಗಳ ಜಾಹೀರಾತು ಬಂದರೆ ಖಂಡಿತ ಕರೆ ಮಾಡಿ. ವಸ್ತುವನ್ನು ಒಂದು ಹಂಗಾಮು ಬಳಸಿ ನೋಡಲು ಬಿಡಬೇಕು, 'ಜಾಹೀರಾತು' ಎಂದು ವಿಡಿಯೊದ ಆರಂಭದಲ್ಲೇ ಹಾಕಬೇಕು, ದೋಷ ಕಂಡರೆ ಹೇಳಲು ಬಿಡಬೇಕು. ಇಷ್ಟಕ್ಕೆ ಒಪ್ಪುವವರ ಜೊತೆ ಸಂತೋಷದಿಂದ ಕೆಲಸ ಮಾಡುತ್ತೇವೆ.

ಬೇರೆ ಯಾವ ಚಾನೆಲ್‌ನವರನ್ನು ಕೇಳಬಹುದು ಎಂದು ನೀವು ಹೆಸರು ಕೇಳಿದ್ದಿರಿ. ಈ ಒಂದು ಸಹಾಯ ನನ್ನಿಂದ ಆಗದು, ಬೇಸರ ಮಾಡಿಕೊಳ್ಳಬೇಡಿ. ನಾನು ಒಪ್ಪದ ಸ್ಕ್ರಿಪ್ಟನ್ನು ಗೆಳೆಯರ ಕಡೆ ಕಳಿಸುವುದು ಸರಿಯಲ್ಲ ಅಲ್ವಾ?

ಸ್ಯಾಂಪಲ್ ಬಾಟಲಿಗಳನ್ನು ತೆರೆದಿಲ್ಲ. ಈ ಸೋಮವಾರ ಅದೇ ಕೊರಿಯರ್‌ನಲ್ಲಿ ನಿಮ್ಮ ಆಫೀಸಿನ ವಿಳಾಸಕ್ಕೆ ವಾಪಸ್ ಕಳಿಸುತ್ತೇನೆ, ಖರ್ಚು ನನ್ನದೇ. ರಸೀದಿಯ ಫೋಟೊ ವಾಟ್ಸಾಪ್ ಮಾಡುತ್ತೇನೆ. ಅಗ್ರಿಮೆಂಟಿಗೆ ನಾನು ಸಹಿ ಮಾಡಿಲ್ಲ, ಅಡ್ವಾನ್ಸ್ ಪಡೆದಿಲ್ಲ. ಸ್ಕ್ರಿಪ್ಟ್ ಮತ್ತು ದರದ ವಿವರಗಳನ್ನು ಯಾರಿಗೂ ತೋರಿಸುವುದಿಲ್ಲ, ಈ ಬಗ್ಗೆ ಚಾನೆಲ್‌ನಲ್ಲಿ ಕಂಪನಿಯ ಹೆಸರು ಎತ್ತುವುದೂ ಇಲ್ಲ. ಹಾಗೆಯೇ ನನ್ನದೊಂದು ಕೋರಿಕೆ: ಮಾತುಕತೆಯ ಸಮಯದಲ್ಲಿ ನಾನು ಕಳಿಸಿದ ತೋಟದ ಫೋಟೊ, ಕ್ಲಿಪ್‌ಗಳನ್ನು ಅಳಿಸಿಬಿಡಿ. ನಮ್ಮ ಹಳೆಯ ವಿಡಿಯೊಗಳ ತುಣುಕು ಕಂಪನಿಯ ಜಾಹೀರಾತಿನಲ್ಲಿ ಬಾರದಂತೆ ನೋಡಿಕೊಳ್ಳಿ. ಹಾಗೆ ಮಾಡಿದ್ದೀರಿ ಅಂತ ಈ ಮೇಲ್‌ಗೆ ಒಂದು ಸಾಲು ಉತ್ತರ ಬರೆದರೆ ಸಾಕು.

ಈ ಕಡೆ ಬಂದಾಗ ತೋಟಕ್ಕೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು.

ವಿಶ್ವಾಸದಿಂದ,
ರಾಘವೇಂದ್ರ
ಕೊಪ್ಪ, ಚಿಕ್ಕಮಗಳೂರು ಜಿಲ್ಲೆ