ಕಾರಿನ ವಿಷಯ, ಇನ್ನೊಂದು ಸಲ

ಲೋ ಗೆಳೆಯಾ,

ನಿನ್ನೆ ರಾತ್ರಿ ಗ್ರೂಪಲ್ಲಿ "ಶನಿವಾರ ನಿನ್ನ ಕಾರು ಬೇಕು ಕಣೋ, ಇಲ್ಲ ಅನ್ಬೇಡ, ನಿನ್ನನ್ನೇ ನಂಬ್ಕೊಂಡಿದೀನಿ" ಅಂತ ಹಾಕಿದ್ನಲ್ಲ, ಅದನ್ನ ಅಳಿಸಿದೀನಿ. ಬೆಳಿಗ್ಗೆ ಎದ್ದು ಓದಿದ್ರೆ ಕೇಳಿದ ಹಾಗೇ ಇರ್ಲಿಲ್ಲ, ಸಾಲ ವಸೂಲಿಗೆ ಬಂದ ಹಾಗಿತ್ತು. ಅದೂ ಎಲ್ಲರ ಮುಂದೆ. ಅಲ್ಲಿ ನೀನು ಆಗಲ್ಲ ಅಂದ್ರೆ ನೀನೇ ಜುಗ್ಗ ಆಗ್ತಿದ್ದೆ. ತಪ್ಪು ನಂದು. ಈಗ ನಿನಗೊಬ್ಬನಿಗೇ ಮತ್ತೆ ಬರೀತಿದೀನಿ.

ವಿಷಯ ಇಷ್ಟೇ. ತಂಗಿ ಹಾಸ್ಟೆಲ್ ಖಾಲಿ ಮಾಡ್ತಿದಾಳೆ. ಎರಡು ಸೂಟ್‌ಕೇಸ್, ಒಂದು ಹಾಸಿಗೆ, ನಾಲ್ಕು ಡಬ್ಬ ಪುಸ್ತಕ. ಹೋಗಿ ಬರೋಕೆ ಒಟ್ಟು 180 ಕಿಲೋಮೀಟರ್. ಕಾರು ಸಿಕ್ಕಿದ್ರೆ ಶನಿವಾರ ಬೆಳಿಗ್ಗೆ 7ಕ್ಕೆ ತಗೊಂಡು ಸಂಜೆ 6ರೊಳಗೆ ತಂದುಬಿಡ್ತೀನಿ. ಓಡಿಸೋದು ನಾನೊಬ್ಬನೇ, ತಂಗಿ ಕೈಗೆ ಕೊಡಲ್ಲ.

ಸಿಗದಿದ್ರೆ? ಒಂದು ಸಣ್ಣ ಗೂಡ್ಸ್ ಗಾಡಿಗೆ ಆಗಲೇ ಹೇಳಿಟ್ಟಿದೀನಿ. ಸುಮ್ನೆ ನಿನ್ನ ಸಮಾಧಾನಕ್ಕೆ ಹೇಳ್ತಿರೋದಲ್ಲ, ಡ್ರೈವರ್ ಹತ್ರ ಮಾತಾಡಿ ಆಗಿದೆ. ಗುರುವಾರ ರಾತ್ರಿ ತನಕ ಬೇಡ ಅನ್ನಬಹುದು ಅಂದಿದಾರೆ. ತಂಗಿ ಬಸ್ಸಲ್ಲಿ ಬರ್ತಾಳೆ. ಸ್ವಲ್ಪ ಖರ್ಚು ಜಾಸ್ತಿ ಆಗುತ್ತೆ, ಅಷ್ಟೇ. ಯಾರ ಕೆಲಸವೂ ನಿಲ್ಲಲ್ಲ.

ನಿನ್ನೆಯ ಮೆಸೇಜಲ್ಲಿ ಅಮ್ಮನ ಮಂಡಿನೋವನ್ನೂ ಎಳೆದು ತಂದಿದ್ದೆ. ಅಮ್ಮ ಈ ಪ್ರಯಾಣಕ್ಕೆ ಬರ್ತಾನೇ ಇಲ್ಲ ಮಾರಾಯ! ನೀನು ಕರಗಲಿ ಅಂತ ಹಾಕಿದ್ದು. ನಿನ್ನ ಮನೆ ಬದಲಾಯಿಸಿದಾಗ ಬೀರು ಹೊತ್ತ ಕಥೆಯೂ ಹಾಗೇ. ಅವತ್ತು ಬೀರು ಹೊತ್ತದ್ದು ಇವತ್ತು ಕಾರಿಗೆ ಮುಂಗಡ ಅಂತ ಅಲ್ಲ. ಅದನ್ನ ಲೆಕ್ಕದಿಂದ ತೆಗೆದುಬಿಡು.

ಕಾರು ಕೊಡೋದು ಪೆನ್ನು ಕೊಟ್ಟ ಹಾಗಲ್ಲ ಅಂತ ನಂಗೂ ಗೊತ್ತು. ನಾನು ಸಿಗ್ನಲ್ ಹಾರಿದ್ರೆ ದಂಡದ ಚೀಟಿ ಬರೋದು ನಿನ್ನ ಹೆಸರಿಗೆ. ಎಲ್ಲಾದ್ರೂ ತಾಗಿಸಿ ವಿಮೆ ಕೇಳೋ ಹಾಗಾದ್ರೆ, ಕ್ಲೇಮ್ ಮಾಡದೆ ಇದ್ದಿದ್ರೆ ಮುಂದಿನ ಸಲ ವಿಮೆ ಕಟ್ಟೋವಾಗ ಸಿಗ್ತಿದ್ದ ರಿಯಾಯಿತಿ ಹೋಗೋದೂ ನಿಂದೇ. ದೊಡ್ಡದೇನಾದ್ರೂ ಆದ್ರೆ ಪೊಲೀಸು, ಕೋರ್ಟು ಅಂತ ಮಾಲೀಕನನ್ನೂ ಕರೀತಾರೆ. ಇದೆಲ್ಲ ನಾನು ದುಡ್ಡು ಕೊಟ್ಟು ಸರಿ ಮಾಡ್ತೀನಿ ಅಂದ ಮಾತ್ರಕ್ಕೆ ಮುಗಿಯೋದಲ್ಲ. ಅದೂ ಎಂಟು ತಿಂಗಳ ಹೊಸ ಗಾಡಿ. ಹೋದ ಸಲ ಯಾರೋ ತಗೊಂಡು ಹೋಗಿ ಬಾಗಿಲಿಗೆ ಗೀರು ಹಾಕಿ, ಹೇಳದೆ ಬೀಗದ ಕೈ ಕೊಟ್ಟು ಹೋದದ್ದನ್ನ ನೀನೇ ಹೇಳಿದ್ದೆ. ಇನ್ಮೇಲೆ ಯಾರಿಗೂ ಕೊಡಬಾರದು ಅಂತ ಮನೇಲಿ ಅತ್ತಿಗೆ, ನೀನು ಮಾತಾಡ್ಕೊಂಡಿದ್ರೆ ನನಗೋಸ್ಕರ ಅದನ್ನ ಮುರೀಬೇಡ. "ಯಾರಿಗೂ" ಅಂದ್ರೆ ಅದರಲ್ಲಿ ನಾನೂ ಇದೀನಿ.

ಆಗಲ್ಲ ಅಂತಾದ್ರೆ "ಆಗಲ್ಲ ಕಣೋ" ಅಂತ ಎರಡು ಪದ ಹಾಕು, ಸಾಕು. ಕಾರಣ ಬೇಡ. ಸರ್ವೀಸಿಗೆ ಬಿಟ್ಟಿದೀನಿ, ಊರಿಂದ ನೆಂಟರು ಬರ್ತಾರೆ ಅಂತ ಏನೂ ಹುಟ್ಟಿಸಬೇಕಾಗಿಲ್ಲ. ಹಾಗೆ ಹೇಳಿ ಆಮೇಲೆ ಶನಿವಾರ ಗಾಡಿ ಹೊರಗೆ ತೆಗೆಯೋಕೂ ನೀನು ಹೆದರಬೇಕು, ಯಾಕೆ ಆ ಗೋಳು! ಆ ಎರಡು ಪದ ಬರೆಯೋಕೂ ಮುಜುಗರ ಆದ್ರೆ ಸುಮ್ನಿರು. ಗುರುವಾರ ಸಂಜೆ 6ರ ತನಕ ಉತ್ತರ ಬರದಿದ್ರೆ ಇಲ್ಲ ಅಂತಲೇ ತಿಳ್ಕೊಂಡು ಗೂಡ್ಸ್ ಗಾಡಿಯವರಿಗೆ ಬನ್ನಿ ಅಂತೀನಿ. ನಡುವೆ ಫೋನ್ ಮಾಡಲ್ಲ, ನೆನಪಿಸಲ್ಲ. ಅತ್ತಿಗೆಗೂ ಹೇಳಲ್ಲ, ಗ್ರೂಪಲ್ಲಂತೂ ಸುದ್ದಿಯೇ ಎತ್ತಲ್ಲ.

"ಕಾರು ಕೊಡಲ್ಲ, ನಾನೇ ಬಂದು ಓಡಿಸ್ತೀನಿ" ಅಂತ ಮಾತ್ರ ಹೇಳಬೇಡ. ನಿನ್ನ ಬುದ್ಧಿ ಗೊತ್ತು, ಇಲ್ಲ ಅನ್ನಲಾರದೆ ಇಡೀ ಶನಿವಾರವನ್ನೇ ಕೊಟ್ಟುಬಿಡ್ತೀಯ. ಅದು ಕಾರಿಗಿಂತ ದುಬಾರಿ.

ಕೊಡೋ ಮನಸ್ಸಿದ್ರೂ ಮೊದಲು ಅತ್ತಿಗೆನ ಕೇಳು. ಇಬ್ಬರಿಗೂ ಒಪ್ಪಿಗೆ ಇದ್ರಷ್ಟೇ. ಟ್ಯಾಂಕ್ ತುಂಬಿಸಿ ತಂದಿಡ್ತೀನಿ, ಟೋಲ್ ನಿನ್ನ ಖಾತೆಯಿಂದ ಹೋಗಿದ್ದನ್ನ ಅವತ್ತೇ ಹಾಕ್ತೀನಿ, ತಗೊಳ್ಳೋವಾಗ ಇಬ್ರೂ ಸುತ್ತ ನಿಂತು ಫೋಟೋ ತೆಗೆದುಕೊಳ್ಳೋಣ. ಹೂಂ ಅಂದ್ಮೇಲೆ ಶುಕ್ರವಾರ ರಾತ್ರಿ ಮನಸ್ಸು ಬದಲಾದ್ರೂ ಹೇಳು. ತಂಗಿಗೆ ರೂಮು ಬಿಡೋಕೆ ಸೋಮವಾರದ ತನಕ ಟೈಮಿದೆ.

ಭಾನುವಾರ ಶಟಲ್ ಆಡೋಕೆ ಎಂದಿನಂತೆ 6:30ಕ್ಕೆ ತಾನೆ? ಕಾಕ್ ಮುಗಿದಿದೆ, ಹೊಸದು ನಾನು ತರ್ತೀನಿ.