ಕೆಲಸದ ನೇಮಕಾತಿ ಪತ್ರ

ಚಿಕ್ಕಮಗಳೂರು
3 ನವೆಂಬರ್ 2025

ಶ್ರೀಮತಿ ಸುಮಾ ಅವರಿಗೆ,

ನಮ್ಮ ಕಾಫಿ ಸಂಸ್ಕರಣಾ ಘಟಕದಲ್ಲಿ ನಿಮ್ಮನ್ನು ದಾಸ್ತಾನು ಸಹಾಯಕಿಯಾಗಿ ನೇಮಿಸಲು ಸಂತೋಷವಾಗುತ್ತದೆ. 17 ನವೆಂಬರ್, ಸೋಮವಾರ ಬೆಳಿಗ್ಗೆ 9ಕ್ಕೆ ಹಾಜರಾಗಿ.

ಕೆಲಸ: ಬಂದ ಮೂಟೆಗಳನ್ನು ತೂಗಿ, ತೇವಾಂಶ ನೋಡಿ, ಬೆಳೆಗಾರರ ಎದುರೇ ರಿಜಿಸ್ಟರ್‌ನಲ್ಲಿ ಬರೆದು ಸಹಿ ಪಡೆಯುವುದು. ಆಮೇಲೆ ಬರೆದರಾಯಿತು ಎಂದು ಬಿಟ್ಟರೆ ತೂಕದ ತಕರಾರು ಖಂಡಿತ. ಇದರಲ್ಲಿ ರಿಯಾಯಿತಿ ಇಲ್ಲ.

ಸಂಬಳ: ತಿಂಗಳಿಗೆ ₹20,000. ಇಎಸ್‌ಐ ಪಾಲು 0.75%, ಅಂದರೆ ₹150 ಕಳೆದು ₹19,850 ಪ್ರತಿ ತಿಂಗಳ 5ರೊಳಗೆ ಬ್ಯಾಂಕ್ ಖಾತೆಗೆ ಬರುತ್ತದೆ. ನಾವು 14 ಜನರಷ್ಟೇ ಇರುವುದರಿಂದ ಸದ್ಯಕ್ಕೆ ಪಿಎಫ್ ಇಲ್ಲ. ಇದನ್ನು ಮೊದಲೇ ತಿಳಿದಿರಿ.

ಸಮಯ 9ರಿಂದ 6, ನಡುವೆ ಒಂದು ಗಂಟೆ ಊಟದ ಬಿಡುವು. ಭಾನುವಾರ ರಜೆ. ಕೊಯ್ಲಿನ ತಿಂಗಳುಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದರೆ ಆ ಗಂಟೆಗಳಿಗೆ ದುಪ್ಪಟ್ಟು ಕೂಲಿ.

ಪ್ರೊಬೇಷನ್ ಆರು ತಿಂಗಳು, 16 ಮೇ 2026ರವರೆಗೆ. ಈ ಅವಧಿಯಲ್ಲಿ ಎರಡೂ ಕಡೆಯಿಂದ 15 ದಿನದ ನೋಟಿಸ್, ಕಾಯಂ ಆದ ಮೇಲೆ 30 ದಿನ. ಕಾಯಂ ಅಥವಾ ವಿಸ್ತರಣೆ ಯಾವುದೇ ಆದರೂ ಕಾರಣಸಹಿತ ಬರವಣಿಗೆಯಲ್ಲೇ ತಿಳಿಸುತ್ತೇವೆ. ಕಾಯಂ ಆದರೆ ಸಂಬಳ ₹20,800.

ಬರುವಾಗ ಆಧಾರ್, ಪಾಸ್‌ಬುಕ್, ಪಿಯುಸಿ ಅಂಕಪಟ್ಟಿಯ ನಕಲು ಮತ್ತು ಹಿಂದಿನ ಕೆಲಸದ ಬಿಡುಗಡೆ ಪತ್ರ ತನ್ನಿ. ಮೂಲ ದಾಖಲೆಗಳನ್ನು ನೋಡಿ ಅಲ್ಲೇ ಹಿಂತಿರುಗಿಸುತ್ತೇವೆ, ಠೇವಣಿಯನ್ನೂ ಕೇಳುವುದಿಲ್ಲ.

ಒಪ್ಪಿಗೆಯಿದ್ದರೆ ಎರಡನೇ ಪ್ರತಿಗೆ ಸಹಿ ಮಾಡಿ 10 ನವೆಂಬರ್ ಒಳಗೆ ತಲುಪಿಸಿ. ಆ ಬಳಿಕ ಈ ಪತ್ರ ಊರ್ಜಿತವಲ್ಲ.

ಇಂತಿ,
ವ್ಯವಸ್ಥಾಪಕರು